ಹಸಿ ಹುಲ್ಲಿನ ವಾಸನೆಗೆ ಹಿಮ್ಮುಖ ದಾರಿ

ಹುಲ್ಲು ಕೊಯ್ದಾಗ ಅಥವಾ ಎಳೆ ಎಲೆಯನ್ನು ಬೆರಳಲ್ಲಿ ಹೊಸಕಿದಾಗ ಮೂಗಿಗೆ ಬಡಿಯುವ ಹಸಿ ವಾಸನೆ ಕೆಲವೇ ಸಣ್ಣ ಅಣುಗಳದು. ಅವುಗಳಲ್ಲಿ ಮುಖ್ಯವಾದ ಒಂದಕ್ಕೆ ರಸಾಯನಶಾಸ್ತ್ರಜ್ಞರು ಎಲೆ ಆಲ್ಕೊಹಾಲ್ ಎಂಬ ಅಡ್ಡಹೆಸರು ಕೊಟ್ಟಿದ್ದಾರೆ. ಶಾಸ್ತ್ರೀಯ ಹೆಸರು ಸಿಸ್-3-ಹೆಕ್ಸೆನ್-1-ಆಲ್. ಎಲೆಯ ಅಂಗಾಂಶ ಹರಿದ ಕೂಡಲೇ ಗಿಡವು ತನ್ನಲ್ಲಿರುವ ಲಿನೊಲೆನಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನು ಕಿಣ್ವಗಳಿಂದ ತುಂಡರಿಸಿ ಮೊದಲು ಒಂದು ಆಲ್ಡಿಹೈಡನ್ನೂ ಅದರಿಂದ ಈ ಆಲ್ಕೊಹಾಲನ್ನೂ ತಯಾರಿಸುತ್ತದೆ. ಚಹಾ ಎಲೆಯ ಪರಿಮಳದಲ್ಲೂ ಇದಕ್ಕೆ ಪಾಲಿದೆ. ಸುಗಂಧದ್ರವ್ಯ ತಯಾರಕರು ಹಸಿರಿನ ಛಾಯೆ ಬೇಕೆಂದಾಗ ಇದನ್ನು ಬಹಳ ಸ್ವಲ್ಪ ಪ್ರಮಾಣದಲ್ಲಿ ಬೆರೆಸುತ್ತಾರೆ. ಅವರಿಗೆ ಬೇಕಾದ ಎಲೆ ಆಲ್ಕೊಹಾಲನ್ನು ಕಾರ್ಖಾನೆಯಲ್ಲಿ ಅಸಿಟಲೀನ್‌ನಿಂದಲೂ ಮಾಡಬಹುದು.

ಅಸಿಟಲೀನ್ ಎಂದರೆ ವೆಲ್ಡಿಂಗ್ ಅಂಗಡಿಯ ಸಿಲಿಂಡರಿನಲ್ಲಿರುವ ಅದೇ ಅನಿಲ. ಕ್ಯಾಲ್ಸಿಯಂ ಕಾರ್ಬೈಡ್ ಮೇಲೆ ನೀರು ಬಿದ್ದರೆ ಅದು ಹೊರಬರುತ್ತದೆ. ಎರಡು ಕಾರ್ಬನ್ ಪರಮಾಣುಗಳ ನಡುವೆ ತ್ರಿಬಂಧ, ಎರಡು ತುದಿಯಲ್ಲೂ ಒಂದೊಂದು ಹೈಡ್ರೋಜನ್: HC≡CH. ತ್ರಿಬಂಧವಿರುವ ಆಲ್ಕೈನ್ ಎಂಬ ಗುಂಪಿನಲ್ಲಿ ಇದಕ್ಕಿಂತ ಸರಳವಾದದ್ದು ಇಲ್ಲ. ತಲುಪಬೇಕಾದ ಅಣುವಿನಲ್ಲಾದರೋ ಆರು ಕಾರ್ಬನ್‌ಗಳಿವೆ: CH3CH2–CH=CH–CH2CH2–OH. ಕಾರ್ಬನ್ ಸಂಖ್ಯೆ ಎರಡರಿಂದ ಆರಕ್ಕೆ ಏರಬೇಕು, ತ್ರಿಬಂಧ ದ್ವಿಬಂಧವಾಗಬೇಕು, ಒಂದು ತುದಿಯಲ್ಲಿ ಆಕ್ಸಿಜನ್ ಬಂದು ಕೂರಬೇಕು. ಇದಲ್ಲದೆ ದ್ವಿಬಂಧದ ಎರಡು ಬದಿಯ ಸರಪಳಿಗಳು ಒಂದೇ ಕಡೆಗೆ ಬಾಗಿರಬೇಕು. ಹೆಸರಿನ ಮೊದಲಲ್ಲಿರುವ ‘ಸಿಸ್’ ಸೂಚಿಸುವುದು ಅದನ್ನೇ.

ಅಸಿಟಲೀನನ್ನು ಮುಂದಿಟ್ಟುಕೊಂಡು ಇದರಿಂದ ಏನು ಮಾಡಬಹುದು ಎಂದು ಯೋಚಿಸಲು ಹೊರಟರೆ ಉತ್ತರಗಳಿಗೆ ಕೊನೆಯೇ ಇಲ್ಲ. ಅದಕ್ಕೆ ನೀರು ಸೇರಿಸಬಹುದು, ಬ್ರೋಮಿನ್ ಸೇರಿಸಬಹುದು, ಹೈಡ್ರೋಜನ್ ಸೇರಿಸಬಹುದು. ಪ್ರತಿ ಹೆಜ್ಜೆಯ ಆಚೆಗೂ ಹತ್ತಾರು ಕವಲು. ಅವುಗಳಲ್ಲಿ ಯಾವುದು ಎಲೆ ಆಲ್ಕೊಹಾಲಿನ ಕಡೆಗೆ ಹೋಗುತ್ತದೆಂದು ಇತ್ತ ನಿಂತು ಹೇಳುವುದು ಕಷ್ಟ. ಅದಕ್ಕಾಗಿ ರಸಾಯನಶಾಸ್ತ್ರಜ್ಞರು ಅತ್ತ ಕಡೆಯಿಂದ ಹೊರಡುತ್ತಾರೆ. ಬೇಕಾದ ಅಣುವಿನ ಚಿತ್ರ ಬರೆದು, ಇದು ಯಾವುದರಿಂದ ಒಂದೇ ಹೆಜ್ಜೆಯಲ್ಲಿ ಬಂದಿರಲು ಸಾಧ್ಯ ಎಂದು ಕೇಳುತ್ತಾರೆ. ಸಿಕ್ಕ ಅಣುವಿನ ಬಗ್ಗೆಯೂ ಅದೇ ಪ್ರಶ್ನೆ. ಸುಲಭವಾಗಿ ಸಿಗುವ ವಸ್ತು ಎದುರಾಗುವ ತನಕ ಇದು ನಡೆಯುತ್ತದೆ. ಇದೇ ಹಿಮ್ಮುಖ ಸಂಶ್ಲೇಷಣೆ. 1917ರಲ್ಲಿ ರಾಬರ್ಟ್ ರಾಬಿನ್ಸನ್ ಟ್ರೋಪಿನೋನ್ ಎಂಬ ಅಣುವನ್ನು ಮನಸ್ಸಿನಲ್ಲೇ ಬಿಡಿಸಿ ನೋಡಿ, ಅದನ್ನು ಕಟ್ಟುವ ಸುಲಭ ದಾರಿ ಕಂಡುಕೊಂಡಿದ್ದರು. ಆದರೆ ಈ ಬಗೆಯ ಯೋಚನೆಯನ್ನು ನಿಯಮಗಳಿರುವ, ಕಲಿಸಬಹುದಾದ ಪದ್ಧತಿಯನ್ನಾಗಿ ಮಾಡಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಎಲಿಯಾಸ್ ಜೇಮ್ಸ್ ಕೋರಿ. 1960ರ ದಶಕದ ಆ ಕೆಲಸಕ್ಕೆ 1990ರಲ್ಲಿ ಅವರಿಗೆ ನೊಬೆಲ್ ಬಂತು. ಹಿಂದಕ್ಕೆ ಹೋಗುವ ಹೆಜ್ಜೆಗೆ ಸಾಮಾನ್ಯ ಬಾಣದ ಬದಲು ಜೋಡಿ ಗೆರೆಯ ಬಾಣ, ⇒, ಹಾಕುವ ರೂಢಿಯಿದೆ.

ಎಲೆ ಆಲ್ಕೊಹಾಲಿನ ಚಿತ್ರದಲ್ಲಿ ಮೊದಲು ಗಮನಿಸಬೇಕಾದದ್ದು ಆಕ್ಸಿಜನ್ ಅಲ್ಲ, ದ್ವಿಬಂಧ. ಸಿಸ್ ರೂಪದ ದ್ವಿಬಂಧವನ್ನು ನಂಬಿಕೆಯಿಂದ ಕೊಡುವ ಕ್ರಿಯೆಗಳು ಹೆಚ್ಚಿಲ್ಲ. ಅವುಗಳಲ್ಲಿ ಹಳೆಯದೂ ನೇರವಾದದ್ದೂ ಎಂದರೆ ತ್ರಿಬಂಧಕ್ಕೆ ಎರಡು ಹೈಡ್ರೋಜನ್ ಪರಮಾಣುಗಳನ್ನು ಒಂದೇ ಬದಿಯಿಂದ ಸೇರಿಸುವುದು. ಹೈಡ್ರೋಜನ್‌ಗಳೆರಡೂ ಒಂದೇ ಬದಿಗೆ ಬಂದರೆ ಉಳಿದ ಸರಪಳಿಗಳೆರಡೂ ಇನ್ನೊಂದು ಬದಿಗೆ ಸರಿಯುತ್ತವೆ. ಹೀಗಾಗಿ ಹಿಂದಕ್ಕೆ ಹೋಗುವ ಮೊದಲ ಹೆಜ್ಜೆಯಲ್ಲಿ ಯಾವ ಕಾರ್ಬನ್ ಬಂಧವನ್ನೂ ಕಡಿಯಬೇಕಿಲ್ಲ. ದ್ವಿಬಂಧವಿದ್ದ ಜಾಗದಲ್ಲಿ ತ್ರಿಬಂಧ ಬರೆದರೆ ಆಯಿತು. ಸಿಗುವುದು 3-ಹೆಕ್ಸೈನ್-1-ಆಲ್, CH3CH2–C≡C–CH2CH2–OH. ಗುರಿ ಮತ್ತು ಅಸಿಟಲೀನ್ ನಡುವಿನ ನಂಟು ಈಗ ಕಣ್ಣಿಗೆ ಬೀಳುತ್ತದೆ. ನಡುವಿನ C≡C ಅಸಿಟಲೀನಿನದೇ. ಅದರ ಒಂದು ಪಕ್ಕಕ್ಕೆ ಎರಡು ಕಾರ್ಬನ್‌ಗಳ ಈಥೈಲ್ ಗುಂಪು, ಇನ್ನೊಂದು ಪಕ್ಕಕ್ಕೆ ತುದಿಯಲ್ಲಿ OH ಇರುವ ಎರಡು ಕಾರ್ಬನ್‌ಗಳ ತುಂಡು. ಎರಡು, ಎರಡು, ಎರಡು.

ಇನ್ನು ಕಡಿಯುವ ಕೆಲಸ. ಎಲ್ಲಿ ಕಡಿಯಬೇಕೆಂಬುದನ್ನು ಅಸಿಟಲೀನಿನ ಒಂದು ವಿಶೇಷ ಗುಣ ನಿರ್ಧರಿಸುತ್ತದೆ. ಕಾರ್ಬನ್‌ಗೆ ಅಂಟಿದ ಹೈಡ್ರೋಜನ್ ಸಾಮಾನ್ಯವಾಗಿ ಯಾವ ಪ್ರತ್ಯಾಮ್ಲಕ್ಕೂ ಸೊಪ್ಪು ಹಾಕುವುದಿಲ್ಲ. ತ್ರಿಬಂಧದ ತುದಿಯ ಹೈಡ್ರೋಜನ್ ಮಾತ್ರ ಹಾಗಲ್ಲ. ಆಮ್ಲೀಯತೆಯನ್ನು ಅಳೆಯುವ pKa ಎಂಬ ಮಾನದಲ್ಲಿ ಅಂಕಿ ಕಡಿಮೆಯಾದಷ್ಟೂ ಹೈಡ್ರೋಜನ್ ಸುಲಭವಾಗಿ ಬಿಟ್ಟುಹೋಗುತ್ತದೆ, ಒಂದೊಂದು ಅಂಕಿಗೆ ಹತ್ತು ಪಟ್ಟು ವ್ಯತ್ಯಾಸ. ಈಥೇನ್‌ನ pKa ಸುಮಾರು 50, ಅಸಿಟಲೀನಿನದು ಸುಮಾರು 25. ಅಮೋನಿಯಾದ್ದು 35ಕ್ಕಿಂತಲೂ ಮೇಲೆ. ಆದ್ದರಿಂದ ಅಮೋನಿಯಾದ ಸೋಡಿಯಂ ಲವಣವಾದ ಸೋಡಿಯಂ ಅಮೈಡ್, NaNH2, ಅಸಿಟಲೀನಿನ ಒಂದು ಹೈಡ್ರೋಜನನ್ನು ನಿರಾಯಾಸವಾಗಿ ಕಿತ್ತುಕೊಳ್ಳುತ್ತದೆ. ಉಳಿಯುವುದು ಋಣಾವೇಶ ಹೊತ್ತ ಕಾರ್ಬನ್, ಅಂದರೆ ಅಸಿಟಲೈಡ್. ಎಲೆಕ್ಟ್ರಾನ್ ಕೊರತೆಯಿರುವ ಇನ್ನೊಂದು ಕಾರ್ಬನ್ ಸಿಕ್ಕರೆ ಅದು ಹೋಗಿ ಸೇರಿ ಹೊಸ ಕಾರ್ಬನ್–ಕಾರ್ಬನ್ ಬಂಧ ಕಟ್ಟುತ್ತದೆ. ಆದಕಾರಣ ಹಿಂದಕ್ಕೆ ಹೋಗುವಾಗ ಕಡಿಯಲು ತಕ್ಕ ಬಂಧಗಳು ಎರಡೇ: ತ್ರಿಬಂಧದ ಎರಡು ಕಾರ್ಬನ್‌ಗಳಿಗೂ ಅವುಗಳ ಪಕ್ಕದ ಕಾರ್ಬನ್‌ಗಳಿಗೂ ನಡುವಿನವು.

OH ಇರುವ ಕಡೆಯ ಬಂಧವನ್ನು ಮೊದಲು ಕಡಿದರೆ ಏನಾಗುತ್ತದೆ? OH ಹೊತ್ತ ಕಾರ್ಬನ್‌ಗೆ 1 ಎಂದು ಎಣಿಸಿದರೆ ಕಡಿತ 2 ಮತ್ತು 3ರ ನಡುವೆ ಬೀಳುತ್ತದೆ. ತ್ರಿಬಂಧದ ತುಂಡು 1-ಬ್ಯೂಟೈನ್, CH3CH2–C≡CH. ಅದರ ತುದಿಯಲ್ಲಿ ಈಗಲೂ ಒಂದು ಹೈಡ್ರೋಜನ್ ಇರುವುದರಿಂದ ಅದನ್ನೂ ಅಸಿಟಲೈಡ್ ಮಾಡಬಹುದು. ಇನ್ನೊಂದು ತುಂಡು ಕಾಗದದ ಮೇಲೆ +CH2CH2OH ಎಂದಾಗುತ್ತದೆ. ಇಂಥ ವಸ್ತು ಯಾವ ಬಾಟಲಿಯಲ್ಲೂ ಸಿಗದು. ಅದು ಕಲ್ಪನೆಯ ತುಂಡು. ಅದರ ಪಾತ್ರ ವಹಿಸಬಲ್ಲ ನಿಜವಾದ ವಸ್ತುವನ್ನು ಹುಡುಕಬೇಕು. ಹೊಸಬರಿಗೆ ಥಟ್ಟನೆ ಹೊಳೆಯುವ ಉತ್ತರ 2-ಬ್ರೋಮೊಈಥೆನಾಲ್, BrCH2CH2OH. ಕಾಗದದ ಮೇಲೆ ಸರಿಯಾಗಿಯೇ ಕಾಣುವ ಈ ಉತ್ತರ ಫ್ಲಾಸ್ಕಿನಲ್ಲಿ ಸೋಲುತ್ತದೆ. ಆಲ್ಕೊಹಾಲಿನ OHನ pKa ಸುಮಾರು 16. ಅಸಿಟಲೈಡ್ ಕಾರ್ಬನ್ ಮೇಲೆ ಎರಗುವ ಮೊದಲೇ ಆ OHನ ಹೈಡ್ರೋಜನನ್ನು ಎಳೆದುಕೊಂಡು ಮತ್ತೆ ಆಲ್ಕೈನ್ ಆಗಿಬಿಡುತ್ತದೆ. ಹೈಡ್ರೋಜನ್ ಕಳೆದುಕೊಂಡ ಬ್ರೋಮೊಈಥೆನಾಲ್ ಬ್ರೋಮಿನನ್ನು ಹೊರಗಟ್ಟಿ ತನ್ನೊಳಗೇ ಉಂಗುರವಾಗಿ ಮುಚ್ಚಿಕೊಳ್ಳಬಲ್ಲದು. ಹಾಗೆ ಮುಚ್ಚಿದಾಗ ಸಿಗುವುದು ಎಥಿಲೀನ್ ಆಕ್ಸೈಡ್.

ನಿಜವಾದ ಉತ್ತರ ಅದೇ ಎಥಿಲೀನ್ ಆಕ್ಸೈಡ್. ಎರಡು ಕಾರ್ಬನ್, ಒಂದು ಆಕ್ಸಿಜನ್ ಸೇರಿದ ತ್ರಿಕೋನದ ಉಂಗುರ. ಇಷ್ಟು ಚಿಕ್ಕ ಉಂಗುರದಲ್ಲಿ ಬಂಧಗಳು ತಮ್ಮ ಸಹಜ ಕೋನದಿಂದ ಬಹಳ ಬಾಗಿರುವುದರಿಂದ ಅದು ತೆರೆದುಕೊಳ್ಳಲು ಕಾದಿರುತ್ತದೆ. ಅಸಿಟಲೈಡ್ ಒಂದು ಕಾರ್ಬನ್ ಮೇಲೆ ಬಂದು ಬಿದ್ದಾಗ ಉಂಗುರ ಬಿಚ್ಚಿ ಆಕ್ಸಿಜನ್ ಋಣಾವೇಶದೊಂದಿಗೆ ಸರಪಳಿಯ ತುದಿಗೆ ಹೋಗುತ್ತದೆ. ಕೊನೆಗೆ ಸ್ವಲ್ಪ ಆಮ್ಲ ಕೊಟ್ಟರೆ ಅದು OH ಆಗುತ್ತದೆ. ಅಲ್ಲಿಯತನಕ ಅಸಿಟಲೈಡನ್ನು ಕೆಡಿಸುವ OH ಅಣುವಿನಲ್ಲಿ ಇರುವುದೇ ಇಲ್ಲ. ಆಕ್ಸಿಜನ್ ಉಂಗುರದೊಳಗೆ ಅಡಗಿ ಬರುತ್ತದೆ.

ಈ ಒಂದು ಹೆಜ್ಜೆಯಿಂದ ಇಂಥ ಎಲ್ಲ ಲೆಕ್ಕಗಳಿಗೂ ಉಪಯೋಗವಾಗುವ ಸೂತ್ರ ಸಿಗುತ್ತದೆ. ತ್ರಿಬಂಧದಿಂದ OH ಎಷ್ಟು ದೂರದಲ್ಲಿದೆ ಎಂಬುದೇ ಅಸಿಟಲೈಡಿನ ಜೊತೆಗಾರ ಯಾರೆಂದು ಹೇಳುತ್ತದೆ. OH ಹೊತ್ತ ಕಾರ್ಬನ್ ತ್ರಿಬಂಧಕ್ಕೆ ನೇರ ಅಂಟಿದ್ದರೆ ಜೊತೆಗಾರ ಆಲ್ಡಿಹೈಡ್ ಅಥವಾ ಕೀಟೋನ್; ಉದಾಹರಣೆಗೆ 1-ಬ್ಯೂಟೈನಿನ ಅಸಿಟಲೈಡಿಗೆ ಫಾರ್ಮಾಲ್ಡಿಹೈಡ್ ಸೇರಿಸಿದರೆ 2-ಪೆಂಟೈನ್-1-ಆಲ್, ಅಸಿಟಾಲ್ಡಿಹೈಡ್ ಸೇರಿಸಿದರೆ 3-ಹೆಕ್ಸೈನ್-2-ಆಲ್. ನಡುವೆ ಇನ್ನೊಂದು ಕಾರ್ಬನ್ ಇದ್ದರೆ ಜೊತೆಗಾರ ಮೂರರ ಉಂಗುರ. ಎಲೆ ಆಲ್ಕೊಹಾಲ್ ಈ ಎರಡನೆಯ ಗುಂಪಿನದು. ಕಾರ್ಬನ್ 1 ಮತ್ತು 2ರ ನಡುವೆ ಕಡಿದು ಫಾರ್ಮಾಲ್ಡಿಹೈಡ್ ಬಳಸೋಣವೆಂದರೆ ಋಣಾವೇಶ ತ್ರಿಬಂಧದ ಪಕ್ಕದ ಕಾರ್ಬನ್ ಮೇಲೆ ಬರಬೇಕಾಗುತ್ತದೆ. ಅಂಥ ಅಯಾನು ಒಂದೆಡೆ ನಿಲ್ಲದೆ ಬಂಧಗಳನ್ನೇ ಸ್ಥಳಾಂತರಿಸಿ ಬೇರೆ ಅಣುಗಳನ್ನೂ ಕೊಡುತ್ತದೆ. ಆ ಕಡಿತವನ್ನು ಕೈಬಿಡುವುದೇ ಜಾಣತನ.

ಉಳಿದ 1-ಬ್ಯೂಟೈನನ್ನು ಕಡಿಯುವುದು ಸುಲಭ. ಈಥೈಲ್ ಗುಂಪಿನ ಜಾಗದಲ್ಲಿ ಈಥೈಲ್ ಬ್ರೋಮೈಡ್, ಉಳಿದದ್ದು ಅಸಿಟಲೀನ್. ಇಡೀ ಯೋಜನೆಯನ್ನು ಒಂದೇ ಸಾಲಿನಲ್ಲಿ ಬರೆದರೆ ಹೀಗಾಗುತ್ತದೆ:

ಎಲೆ ಆಲ್ಕೊಹಾಲ್ ⇒ 3-ಹೆಕ್ಸೈನ್-1-ಆಲ್ ⇒ 1-ಬ್ಯೂಟೈನ್ + ಎಥಿಲೀನ್ ಆಕ್ಸೈಡ್ ⇒ ಅಸಿಟಲೀನ್ + ಈಥೈಲ್ ಬ್ರೋಮೈಡ್

ಎರಡು ಪಕ್ಕದ ತುಂಡುಗಳಲ್ಲಿ ಈಥೈಲ್ ಮೊದಲು, ಎಥಿಲೀನ್ ಆಕ್ಸೈಡ್ ನಂತರ ಎಂಬ ಕ್ರಮಕ್ಕೂ ಕಾರಣವಿದೆ. ತಿರುಗಿಸಿ ಮಾಡಿದರೆ ಮೊದಲ ಹೆಜ್ಜೆಯಲ್ಲೇ OH ಇರುವ 3-ಬ್ಯೂಟೈನ್-1-ಆಲ್ ಸಿಗುತ್ತದೆ. ಮುಂದಿನ ಹೆಜ್ಜೆಗೆ ಅದರ ತ್ರಿಬಂಧದ ಹೈಡ್ರೋಜನ್ ತೆಗೆಯಬೇಕಾದರೆ OHನ ಹೈಡ್ರೋಜನ್ ಅಡ್ಡ ಬರುತ್ತದೆ. ಎರಡು ಪಾಲು ಪ್ರತ್ಯಾಮ್ಲ ಸುರಿದು ಎರಡನ್ನೂ ತೆಗೆಯಬಹುದು, ಇಲ್ಲವೇ OHಗೆ ತಾತ್ಕಾಲಿಕವಾಗಿ ಒಂದು ಮುಚ್ಚಳ ಹಾಕಿ ಆಮೇಲೆ ಬಿಚ್ಚಬಹುದು. ಎರಡೂ ಸಾಧ್ಯವೇ, ಆದರೆ ಮೊದಲನೆಯದು ಖರ್ಚು ಹೆಚ್ಚಿಸುತ್ತದೆ, ಎರಡನೆಯದು ಎರಡು ಹೆಜ್ಜೆ ಹೆಚ್ಚಿಸುತ್ತದೆ. ಹೈಡ್ರೋಜನ್ ಸೇರಿಸುವ ಹೆಜ್ಜೆ ಕೊನೆಗೇ ಇರಬೇಕೆಂಬುದು ಇನ್ನೂ ಕಟ್ಟುನಿಟ್ಟು. ತ್ರಿಬಂಧ ಹೋದ ಮೇಲೆ ಅಸಿಟಲೈಡ್ ಮಾಡಲು ಏನೂ ಉಳಿಯುವುದಿಲ್ಲ.

ಪ್ರಮಾಣವನ್ನೂ ಹಿಂದಿನಿಂದಲೇ ಲೆಕ್ಕ ಹಾಕಬೇಕು. ಎಲೆ ಆಲ್ಕೊಹಾಲಿನ ಅಣುತೂಕ ಸುಮಾರು 100. ಕೊನೆಗೆ 10 ಗ್ರಾಂ ಬೇಕೆಂದರೆ ಅದು 0.1 ಮೋಲ್. ಪ್ರತಿ ಹೆಜ್ಜೆಯ ಇಳುವರಿ ನೂರಕ್ಕೆ 80 ಎಂದು ಇಟ್ಟುಕೊಂಡರೆ 3-ಹೆಕ್ಸೈನ್-1-ಆಲ್ 0.125 ಮೋಲ್, ಅಂದರೆ ಸುಮಾರು 12.3 ಗ್ರಾಂ ಕೈಯಲ್ಲಿರಬೇಕು. ಅದಕ್ಕೆ 1-ಬ್ಯೂಟೈನ್ ಸುಮಾರು 8.5 ಗ್ರಾಂ, ಅದನ್ನು ಪಡೆಯಲು ಈಥೈಲ್ ಬ್ರೋಮೈಡ್ ಸುಮಾರು 21 ಗ್ರಾಂ. ಮೂರು ಹೆಜ್ಜೆಯ ಒಟ್ಟು ಇಳುವರಿ ನೂರಕ್ಕೆ 51. ಮುಚ್ಚಳ ಹಾಕಿ ಬಿಚ್ಚುವ ಎರಡು ಹೆಜ್ಜೆಗಳೂ ಸೇರಿ ಐದಾದರೆ ಅದೇ ಲೆಕ್ಕದಲ್ಲಿ ನೂರಕ್ಕೆ 33ಕ್ಕೆ ಇಳಿಯುತ್ತದೆ. ಚಿಕ್ಕ ದಾರಿಗಾಗಿ ಇಷ್ಟು ಹಟ ಏಕೆಂಬುದಕ್ಕೆ ಈ ಅಂಕಿ ಸಾಕು.

ಇಷ್ಟಾದ ಮೇಲೆ ಮುಂದಿನ ದಿಕ್ಕಿನಲ್ಲಿ ನಡೆಯಬಹುದು. ಮೊದಲ ಹೆಜ್ಜೆ −33 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ ಅಮೋನಿಯಾದಲ್ಲಿ. ಅದರಲ್ಲಿ ಸೋಡಿಯಂ ಲೋಹ ಹಾಕಿದರೆ ಕಡುನೀಲಿ ದ್ರಾವಣವಾಗುತ್ತದೆ. ಚಿಟಿಕೆಯಷ್ಟು ಫೆರಿಕ್ ನೈಟ್ರೇಟ್ ಬಿದ್ದರೆ ನೀಲಿ ಹೋಗಿ ಬೂದು ಬಣ್ಣದ ಸೋಡಿಯಂ ಅಮೈಡ್ ಉಳಿಯುತ್ತದೆ; ನೀಲಿ ಮಾಯವಾದದ್ದೇ ಸಿದ್ಧವಾಗಿದೆ ಎಂಬುದಕ್ಕೆ ಗುರುತು. ಅದರೊಳಗೆ ಅಸಿಟಲೀನ್ ಅನಿಲವನ್ನು ಹಾಯಿಸಿ, ಆಮೇಲೆ ಈಥೈಲ್ ಬ್ರೋಮೈಡನ್ನು ಹನಿಹನಿಯಾಗಿ ಬಿಡುತ್ತಾರೆ. ತೇವ ಇಲ್ಲಿ ದೊಡ್ಡ ಶತ್ರು. ನೀರಿನ pKa 15.7, ಅಸಿಟಲೀನಿನದಕ್ಕಿಂತ ಒಂಬತ್ತು ಅಂಕಿ ಕೆಳಗೆ. ಅಂದರೆ ಹೈಡ್ರೋಜನ್ ಬಿಟ್ಟುಕೊಡುವುದರಲ್ಲಿ ನೀರು ನೂರು ಕೋಟಿ ಪಟ್ಟಿಗೂ ಮಿಕ್ಕಿ ಮುಂದು, ಇದ್ದಷ್ಟು ನೀರೂ ಅಸಿಟಲೈಡನ್ನು ಅಷ್ಟೇ ನುಂಗುತ್ತದೆ. ಇನ್ನೊಂದು ತೊಂದರೆ ಅಸಿಟಲೀನಿಗೆ ಎರಡು ತುದಿ ಇರುವುದರಿಂದ ಬರುವಂಥದ್ದು. ಒಂದು ತುದಿಗೆ ಈಥೈಲ್ ಸೇರಿದ ಮೇಲೆ ಇನ್ನೊಂದು ತುದಿಗೂ ಸೇರಿ 3-ಹೆಕ್ಸೈನ್ ಆಗಬಹುದು. ಅಸಿಟಲೀನನ್ನು ಧಾರಾಳವಾಗಿ ಬಿಟ್ಟರೆ ಅದು ಕಡಿಮೆಯಾಗುತ್ತದೆ. ಆದರೂ ಉಳಿದದ್ದನ್ನು ಬೇರ್ಪಡಿಸುವುದು ಕಷ್ಟವಲ್ಲ, ಏಕೆಂದರೆ 1-ಬ್ಯೂಟೈನ್ 8 ಡಿಗ್ರಿಯಲ್ಲೂ 3-ಹೆಕ್ಸೈನ್ 81 ಡಿಗ್ರಿಯಲ್ಲೂ ಕುದಿಯುತ್ತವೆ. ಈಥೈಲ್ ಬ್ರೋಮೈಡಿನ ಬದಲು ಬ್ರೋಮಿನ್ ಹೊತ್ತ ಕಾರ್ಬನ್‌ಗೆ ಎರಡು ಕವಲಿರುವ ಐಸೊಪ್ರೊಪೈಲ್ ಬ್ರೋಮೈಡಿನಂಥದ್ದು ಬೇಕಾಗಿದ್ದರೆ ಈ ಹೆಜ್ಜೆ ನಡೆಯುತ್ತಿರಲಿಲ್ಲ. ಅಲ್ಲಿ ಅಸಿಟಲೈಡ್ ಕಾರ್ಬನ್‌ಗೆ ಸೇರುವ ಬದಲು ಪಕ್ಕದ ಹೈಡ್ರೋಜನ್ ಕಿತ್ತು ಆಲ್ಕೀನ್ ಮಾಡಿಬಿಡುತ್ತದೆ.

ಎರಡನೆಯ ಹೆಜ್ಜೆಯೂ ದ್ರವ ಅಮೋನಿಯಾದಲ್ಲೇ. 1-ಬ್ಯೂಟೈನನ್ನು ಅದೇ ರೀತಿ ಅಸಿಟಲೈಡ್ ಮಾಡಿ ತಣ್ಣಗಿನ ಎಥಿಲೀನ್ ಆಕ್ಸೈಡ್ ಸೇರಿಸಿ, ಕೊನೆಯಲ್ಲಿ ಅಮೋನಿಯಂ ಕ್ಲೋರೈಡ್ ಕೊಟ್ಟರೆ 3-ಹೆಕ್ಸೈನ್-1-ಆಲ್ ಸಿಗುತ್ತದೆ. ಎಥಿಲೀನ್ ಆಕ್ಸೈಡ್ 11 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವ, ಬೇಗ ಉರಿಯುವ, ಕ್ಯಾನ್ಸರ್‌ಕಾರಕ ಅನಿಲ. ಇಡೀ ದಾರಿಯಲ್ಲಿ ಹೆಚ್ಚು ಎಚ್ಚರ ಬೇಡುವುದು ಈ ವಸ್ತು. ಮುಚ್ಚಿದ ಉಪಕರಣವಿಲ್ಲದೆ ಅದನ್ನು ಮುಟ್ಟುವಂತಿಲ್ಲ. ಹೆಜ್ಜೆ ಪೂರ್ತಿಯಾಯಿತೇ ಎಂದು ತಿಳಿಯಲು ಹಳೆಯದೊಂದು ಪರೀಕ್ಷೆಯಿದೆ. ಅಮೋನಿಯಾ ಬೆರೆತ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಒಂದು ಹನಿ ಹಾಕಿದಾಗ ಬಿಳಿ ಒತ್ತರ ಬಂದರೆ ತುದಿಯಲ್ಲಿ ಹೈಡ್ರೋಜನ್ ಇರುವ ಬ್ಯೂಟೈನ್ ಇನ್ನೂ ಉಳಿದಿದೆ ಎಂದರ್ಥ. ತ್ರಿಬಂಧ ಸರಪಳಿಯ ಮಧ್ಯಕ್ಕೆ ಸೇರಿದ ಹೊಸ ಅಣು ಒತ್ತರ ಕೊಡುವುದಿಲ್ಲ. ಆ ಒತ್ತರ ಒಣಗಿದರೆ ಸಿಡಿಯಬಲ್ಲದು, ಹಾಗಾಗಿ ಹಸಿಯಿರುವಾಗಲೇ ಆಮ್ಲದಿಂದ ಅದನ್ನು ನಾಶಮಾಡುತ್ತಾರೆ.

ಯೋಜನೆಯ ಜೀವಾಳವಿರುವುದು ಮೂರನೆಯ ಹೆಜ್ಜೆಯಲ್ಲಿ. ಮಾಮೂಲಿ ಪಲ್ಲೇಡಿಯಂ ವೇಗವರ್ಧಕ ಮತ್ತು ಹೈಡ್ರೋಜನ್ ಕೊಟ್ಟರೆ ಕ್ರಿಯೆ ದ್ವಿಬಂಧದಲ್ಲಿ ನಿಲ್ಲುವುದಿಲ್ಲ, ಏಕಬಂಧದವರೆಗೂ ಹೋಗಿ 1-ಹೆಕ್ಸನಾಲ್ ಆಗಿಬಿಡುತ್ತದೆ. ಇದಕ್ಕೆ ಪರಿಹಾರ ಕಂಡವರು ಸ್ವಿಟ್ಜರ್ಲೆಂಡಿನ ಹಾಫ್‌ಮನ್–ಲಾ ರೋಶ್ ಕಂಪನಿಯಲ್ಲಿದ್ದ ಹರ್ಬರ್ಟ್ ಲಿಂಡ್ಲರ್. 1952ರಲ್ಲಿ ಪ್ರಕಟವಾದ ಅವರ ವೇಗವರ್ಧಕದಲ್ಲಿ ಪಲ್ಲೇಡಿಯಂ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯ ಮೇಲೆ ಕೂತಿರುತ್ತದೆ. ಅದನ್ನು ಸೀಸದ ಲವಣದಿಂದ ಬೇಕೆಂದೇ ಮಂಕು ಮಾಡಿರುತ್ತಾರೆ. ಬಳಸುವಾಗ ಸ್ವಲ್ಪ ಕ್ವಿನೊಲಿನ್ ಸೇರಿಸಿ ಇನ್ನಷ್ಟು ಮಂಕು ಮಾಡುವುದುಂಟು. ಲೋಹದ ಮೇಲ್ಮೈಗೆ ತ್ರಿಬಂಧ ದ್ವಿಬಂಧಕ್ಕಿಂತ ಬಿಗಿಯಾಗಿ ಅಂಟುತ್ತದೆ. ಮಂಕಾದ ಲೋಹ ತ್ರಿಬಂಧವನ್ನು ಹಿಡಿದುಕೊಳ್ಳಬಲ್ಲದು, ದ್ವಿಬಂಧವನ್ನು ಮಾತ್ರ ಬಿಟ್ಟುಕೊಡುತ್ತದೆ. ಹೈಡ್ರೋಜನ್‌ಗಳು ಬರುವುದು ಲೋಹದ ಮೇಲ್ಮೈಯಿಂದ, ಅಂದರೆ ಅಣುವಿನ ಒಂದೇ ಬದಿಯಿಂದ. ಹೀಗಾಗಿ ಸಿಸ್ ರೂಪ. ಅಣುವಿನಲ್ಲಿರುವ OH ಇದಕ್ಕೆ ಅಡ್ಡಿಯಲ್ಲ.

ಇಲ್ಲಿ ಕೈ ತಪ್ಪಿದರೆ ಸರಿಪಡಿಸುವ ದಾರಿ ಕಿರಿದು. ಎಲೆ ಆಲ್ಕೊಹಾಲ್ ಕುದಿಯುವುದು ಸುಮಾರು 156 ಡಿಗ್ರಿಯಲ್ಲಿ, ಅತಿಯಾಗಿ ಹೈಡ್ರೋಜನ್ ಸೇರಿ ಆದ 1-ಹೆಕ್ಸನಾಲ್ 157ರಲ್ಲಿ. ಟ್ರಾನ್ಸ್ ರೂಪದ ಅಣುವೂ ಅದೇ ಆಸುಪಾಸಿನದು. ಭಟ್ಟಿ ಇಳಿಸಿ ಇವನ್ನು ಬೇರ್ಪಡಿಸಲಾಗದು. ಶುದ್ಧತೆ ಕ್ರಿಯೆಯಲ್ಲೇ ಬರಬೇಕು. ಅದಕ್ಕಾಗಿ ಹೀರಿಕೊಂಡ ಹೈಡ್ರೋಜನ್ ಎಷ್ಟೆಂದು ಅಳೆಯುತ್ತಾ ಹೋಗುತ್ತಾರೆ. 12.3 ಗ್ರಾಂ ಹೆಕ್ಸೈನಾಲಿಗೆ ಬೇಕಾದ ಹೈಡ್ರೋಜನ್ 0.125 ಮೋಲ್, 25 ಡಿಗ್ರಿಯಲ್ಲಿ ಸುಮಾರು 3 ಲೀಟರ್. ಅಷ್ಟು ಖರ್ಚಾಗುವ ಹೊತ್ತಿಗೆ ಹೀರಿಕೊಳ್ಳುವ ವೇಗ ಸಾಮಾನ್ಯವಾಗಿ ಕುಗ್ಗುತ್ತದೆ, ಆಗ ನಿಲ್ಲಿಸಬೇಕು. ವೇಗವರ್ಧಕವನ್ನು ಸೋಸಿ ತೆಗೆದ ಮೇಲೆ ಅತಿನೇರಳೆಗೆ ವಿರುದ್ಧ ತುದಿಯಲ್ಲಿರುವ ಅವಕೆಂಪು ಬೆಳಕಿನಲ್ಲಿ ನೋಡಿದರೆ ರೂಪ ಗೊತ್ತಾಗುತ್ತದೆ. 970 cm⁻¹ ಹತ್ತಿರ ಎದ್ದುಕಾಣುವ ಪಟ್ಟೆಯಿದ್ದರೆ ಟ್ರಾನ್ಸ್ ಬೆರೆತಿದೆ. ಎನ್‌ಎಂಆರ್ ಇನ್ನೂ ಖಚಿತ: ದ್ವಿಬಂಧದ ಎರಡು ಹೈಡ್ರೋಜನ್‌ಗಳ ನಡುವಿನ ಸೆಳೆತ ಸಿಸ್‌ನಲ್ಲಿ 11 ಹರ್ಟ್ಜ್ ಆಸುಪಾಸು, ಟ್ರಾನ್ಸ್‌ನಲ್ಲಿ 15ರ ಆಸುಪಾಸು ಇರುತ್ತದೆ.

ಟ್ರಾನ್ಸ್ ರೂಪವೇ ಬೇಕೆಂದಾದರೆ ಯೋಜನೆಯ ಮೊದಲ ಎರಡು ಹೆಜ್ಜೆಗಳನ್ನು ಮುಟ್ಟಬೇಕಿಲ್ಲ. 3-ಹೆಕ್ಸೈನ್-1-ಆಲನ್ನು ಲಿಂಡ್ಲರ್ ವೇಗವರ್ಧಕದ ಬದಲು ದ್ರವ ಅಮೋನಿಯಾದಲ್ಲಿ ಕರಗಿದ ಸೋಡಿಯಂಗೆ ಒಡ್ಡಿದರೆ ಸಾಕು. ಅಲ್ಲಿ ಎಲೆಕ್ಟ್ರಾನ್ ಒಂದೊಂದಾಗಿ ಬರುತ್ತದೆ, ನಡುವೆ ಹುಟ್ಟುವ ಅಯಾನಿನಲ್ಲಿ ಸರಪಳಿಗಳು ಒಂದರಿಂದೊಂದು ದೂರ ಸರಿಯಲು ಅವಕಾಶ ಸಿಗುತ್ತದೆ, ಹೈಡ್ರೋಜನ್‌ಗಳು ಎದುರುಬದುರು ಕೂರುತ್ತವೆ. ಆದರೆ ಈ ಸಲ ಫೆರಿಕ್ ನೈಟ್ರೇಟ್ ಹಾಕಬಾರದು. ಮೊದಲ ಹೆಜ್ಜೆಯಲ್ಲಿ ಮಾಯವಾಗಲೇಬೇಕಿದ್ದ ನೀಲಿ ಬಣ್ಣ ಇಲ್ಲಿ ಉಳಿದಿರಬೇಕು, ಏಕೆಂದರೆ ಕೆಲಸ ಮಾಡುವುದು ಆ ನೀಲಿಗೆ ಕಾರಣವಾದ ಎಲೆಕ್ಟ್ರಾನ್‌ಗಳೇ.